ಸಸಿತಟ್ಟೆಯ ಚಿತ್ರದಿಂದ ಮೊಳಕೆಯ ಶೇಕಡಾವಾರು: ಎಣಿಕೆ, ಛೇದ ಮತ್ತು ಅಂದಾಜು

ತರಗತಿ: 7 ಮತ್ತು 8
ವಿಷಯ: ಗಣಿತ (ಶೇಕಡಾವಾರು, ದತ್ತಾಂಶ ನಿರ್ವಹಣೆ), ಜೀವವಿಜ್ಞಾನದೊಂದಿಗೆ ಸಮನ್ವಯ
ಅವಧಿ: ಬಿತ್ತನೆಯ ದಿನ ಒಂದು, 14ನೆಯ ದಿನದ ನಂತರ ಎರಡು

ಪೀಠಿಕೆ

ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ್ ಸೀಮೆಯ ನಮ್ಮ ಮಕ್ಕಳಿಗೆ ಬಿತ್ತನೆ ಹೊಸ ಸಂಗತಿಯಲ್ಲ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಡಿಗಡ್ಡೆಯಲ್ಲಿ ಹತ್ತಿ, ಮೆಣಸಿನಕಾಯಿಗಳ ವ್ಯವಸಾಯವನ್ನು ಅವರು ಮನೆಯಲ್ಲಿಯೇ ಕಂಡಿರುತ್ತಾರೆ. ಮೆಣಸಿನ ಸಸಿಗಳನ್ನು ಈಗ ಮಡಿಯಲ್ಲಿ ಮಾತ್ರವಲ್ಲದೆ ಪ್ಲಾಸ್ಟಿಕ್ ತಟ್ಟೆಗಳಲ್ಲಿಯೂ ಬೆಳೆಸುತ್ತಾರೆ. ಇವುಗಳನ್ನು ನರ್ಸರಿಯವರು ‘ಪ್ರೋಟ್ರೇ’ ಎಂದು ಕರೆಯುತ್ತಾರೆ. ಹೆಚ್ಚು ಬಳಕೆಯಲ್ಲಿರುವ ತಟ್ಟೆಯಲ್ಲಿ 14 ಸಾಲುಗಳು, ಸಾಲಿಗೆ 7 ಕುಳಿಗಳು, ಒಟ್ಟು 98 ಕುಳಿಗಳಿರುತ್ತವೆ. ಸಾಲು ಮತ್ತು ಕಂಬಗಳಲ್ಲಿ ಮೊದಲೇ ಅಣಿಗೊಂಡಿರುವ ಈ ತಟ್ಟೆಯು ಶೇಕಡಾವಾರು ಪಾಠಕ್ಕೆ ಸಿದ್ಧವಾದ ಕೋಷ್ಟಕದಂತಿದೆ.

ಪಾಠದ ಮುಖ್ಯ ಪ್ರಶ್ನೆ ಒಂದೇ: ಬಿತ್ತಿದ ಬೀಜಗಳಲ್ಲಿ ನೂರಕ್ಕೆ ಎಷ್ಟು ಮೊಳೆತವು? ಈ ಸಂಖ್ಯೆ ತಪ್ಪಾದರೆ ರೈತನು ತರಿಸುವ ಬೀಜ ಸಾಲದೆ ಹೋಗುತ್ತದೆ. ನಾಟಿಯ ದಿನ ಹೊಲದ ಒಂದು ಭಾಗ ಬರಿದಾಗಿ ಉಳಿಯುತ್ತದೆ.

ಭಾಷೆಯ ಒಂದು ಸೂಚನೆ

ನಮ್ಮ ಮಕ್ಕಳು ಹೊಲದಲ್ಲಿ ತೆಲುಗನ್ನೂ ತರಗತಿಯಲ್ಲಿ ಕನ್ನಡವನ್ನೂ ಕೇಳುತ್ತಾರೆ. ತೆಲುಗಿನಲ್ಲಿ ‘ನಾರು’ ಎಂದರೆ ಸಸಿ. ಕನ್ನಡದಲ್ಲಿ ‘ನಾರು’ ಎಂದರೆ ಎಳೆ. ತಟ್ಟೆಗೆ ತುಂಬುವ ಕೊಕೊಪೀಟನ್ನು ನಾವು ‘ತೆಂಗಿನ ನಾರಿನ ಪುಡಿ’ ಎನ್ನುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ಹಾಗೆಯೇ ತೆಲುಗಿನ ‘ವಿತ್ತನಂ’ ಬೀಜವನ್ನು ಸೂಚಿಸಿದರೆ, ಕನ್ನಡದ ‘ಬಿತ್ತನೆ’ ಬಿತ್ತುವ ಕ್ರಿಯೆಯನ್ನು ಸೂಚಿಸುತ್ತದೆ. ಈ ಎರಡು ಜೋಡಿಗಳನ್ನು ಪಾಠದ ಆರಂಭದಲ್ಲಿಯೇ ಕಪ್ಪುಹಲಗೆಯ ಮೇಲೆ ಬರೆದು ವ್ಯತ್ಯಾಸವನ್ನು ತಿಳಿಸುವುದು ಒಳ್ಳೆಯದು.

ಮೊದಲ ಹಂತ: ಬಿತ್ತುವ ದಿನವೇ ಛೇದವನ್ನು ನಿಶ್ಚಯಿಸುವುದು

ಶೇಕಡಾವಾರಿನ ಛೇದ ಕುಳಿಗಳ ಸಂಖ್ಯೆಯಲ್ಲ, ಬಿತ್ತಿದ ಬೀಜಗಳ ಸಂಖ್ಯೆ. ಮೆಣಸಿನ ಬೀಜ ಚಪ್ಪಟೆಯಾಗಿ ಹಗುರವಾಗಿರುವುದರಿಂದ ಬೆರಳಿಗೆ ಎರಡೆರಡು ಅಂಟುವುದು ಸಹಜ. ಹೀಗೆ ಕೆಲವು ಕುಳಿಗಳಿಗೆ ಎರಡು ಬೀಜ ಬೀಳುತ್ತವೆ. ಮಣ್ಣು ಮುಚ್ಚಿದ ಮೇಲೆ ಇದನ್ನು ತಿಳಿಯುವ ಉಪಾಯವಿಲ್ಲ. ಯಾವ ಚಿತ್ರವೂ ಇದನ್ನು ತೋರಿಸುವುದಿಲ್ಲ.

ಆದ್ದರಿಂದ ಬೀಜಗಳನ್ನು ಬಿಳಿಯ ಕಾಗದದ ಮೇಲೆ ಹತ್ತು ಹತ್ತರ ಗುಂಪುಗಳಾಗಿ ಎಣಿಸಿಟ್ಟುಕೊಳ್ಳಬೇಕು. ಬಿತ್ತನೆ ಮುಗಿದ ಮೇಲೆ ಉಳಿದವನ್ನು ಎಣಿಸಿ ಕಳೆಯಬೇಕು. ದೊರೆತ ಸಂಖ್ಯೆಯನ್ನೂ ದಿನಾಂಕವನ್ನೂ ಒಂದು ಚೀಟಿಯಲ್ಲಿ ಬರೆದು ತಟ್ಟೆಯ ಒಂದು ಮೂಲೆಗೆ ಅಂಟಿಸಬೇಕು. ಈ ಮೂಲೆಯೇ ಮುಂದಿನ ಎಲ್ಲ ಚಿತ್ರಗಳಲ್ಲಿ ‘ಒಂದನೆಯ ಸಾಲು, ಒಂದನೆಯ ಕುಳಿ’ ಎಂದು ಗುರುತಾಗುತ್ತದೆ. ರಾಸಾಯನಿಕ ಲೇಪಿಸಿದ ಬಣ್ಣದ ಬೀಜಗಳನ್ನು ಮಕ್ಕಳ ಕೈಗೆ ಕೊಡಬಾರದು; ಲೇಪನವಿಲ್ಲದ ಬೀಜವನ್ನೇ ಆರಿಸಿಕೊಳ್ಳಬೇಕು.

ಎರಡನೆಯ ಹಂತ: ಚಿತ್ರ ತೆಗೆಯುವುದು

ಮೆಣಸು ಸಾಮಾನ್ಯವಾಗಿ ಒಂದು ವಾರದ ನಂತರ ತಲೆಯೆತ್ತುತ್ತದೆ. ಎಲ್ಲ ಬೀಜಗಳೂ ಒಂದೇ ದಿನ ಮೇಲೇಳುವುದಿಲ್ಲ. ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲಿಯೂ ಮೆಣಸಿನ ಮೊದಲ ಎಣಿಕೆ 7ನೆಯ ದಿನ, ಕೊನೆಯ ಎಣಿಕೆ 14ನೆಯ ದಿನ ನಡೆಯುತ್ತದೆ. ಮಣ್ಣಿನ ಮೇಲೆ ಕಾಣಿಸಿಕೊಳ್ಳಲು ಸ್ವಲ್ಪ ಹೆಚ್ಚು ಸಮಯ ಬೇಕಾದುದರಿಂದ ನಾವು 10ನೆಯ ಮತ್ತು 14ನೆಯ ದಿನ ಚಿತ್ರ ತೆಗೆಯುವುದು ಅನುಕೂಲ. ಬಹಳ ತಡಮಾಡಿದರೆ ನಿಜವಾದ ಎಲೆಗಳು ಅಗಲವಾಗಿ ಬೆಳೆದು ನೆರೆಯ ಕುಳಿಗಳನ್ನು ಮುಚ್ಚುತ್ತವೆ.

ಫೋನನ್ನು ತಟ್ಟೆಯ ನಡುಭಾಗದ ನೇರ ಮೇಲೆ, ತಟ್ಟೆಗೆ ಸಮಾನಾಂತರವಾಗಿ ಹಿಡಿಯಬೇಕು. ನಾಲ್ಕು ಮೂಲೆಗಳೂ ಚೀಟಿಯೂ ಚಿತ್ರದೊಳಗೆ ಇರಬೇಕು. ಓರೆಯಾಗಿ ಹಿಡಿದರೆ ಮುಂದಿನ ಸಸಿ ಹಿಂದಿನ ಕುಳಿಯ ಮೇಲೆ ಬಿದ್ದಂತೆ ಕಾಣುತ್ತದೆ. ಬರಿದಾದ ಕುಳಿ ತುಂಬಿದಂತೆ ತೋರುತ್ತದೆ. ನಡು ಬಿಸಿಲಿನಲ್ಲಿ ತೆಗೆದರೆ ಸಸಿಯ ನೆರಳೇ ಇನ್ನೊಂದು ಸಸಿಯಂತೆ ಕಾಣಬಹುದು. ಆದ್ದರಿಂದ ನೆರಳಿನಲ್ಲಿ, ಫ್ಲಾಶ್ ಇಲ್ಲದೆ ತೆಗೆಯಬೇಕು.

ಮೂರನೆಯ ಹಂತ: ಎಣಿಸುವುದು

ಮೆಣಸಿನ ಎಳೆಯ ಸಸಿಯಲ್ಲಿ ಎದುರುಬದುರಾಗಿ ಎರಡು ಉದ್ದನೆಯ ಬೀಜದಳಗಳಿರುತ್ತವೆ. ಎರಡು ಬೀಜದಳ ಸೇರಿ ಒಂದು ಸಸಿ. ಒಂದು ಕುಳಿಯಲ್ಲಿ ನಾಲ್ಕು ಬೀಜದಳಗಳು ಕಂಡರೆ ಅಲ್ಲಿ ಎರಡು ಸಸಿಗಳಿವೆ. ಹುಲ್ಲಿನಂತೆ ಒಂದೇ ಎಲೆಯಿರುವುದು ಕಳೆ, ಅದನ್ನು ಎಣಿಸಬಾರದು. ಬೀಜದ ಸಿಪ್ಪೆ ಇನ್ನೂ ತಲೆಯ ಮೇಲೆ ಅಂಟಿಕೊಂಡಿರುವ ಸಸಿಯನ್ನು ಎಣಿಸಬೇಕು.

ಚಿತ್ರದ ಮೇಲೆ ಸಾಲುಗಳ ಗೆರೆಗಳನ್ನು ಎಳೆದು, ಎಣಿಸಿದ ಪ್ರತಿ ಸಸಿಯ ಮೇಲೆ ಒಂದು ಚುಕ್ಕೆ ಇಡಿಸಬೇಕು. ಇಬ್ಬರು ವಿದ್ಯಾರ್ಥಿಗಳು ಪರಸ್ಪರ ನೋಡದೆ ಎಣಿಸಿ, ಸಾಲುವಾರು ಬರೆದುಕೊಳ್ಳಬೇಕು. ಒಟ್ಟು ಮೊತ್ತ ಬೇರೆಯಾದರೆ ಇಡೀ ತಟ್ಟೆಯನ್ನು ಮತ್ತೆ ಎಣಿಸುವ ಅಗತ್ಯವಿಲ್ಲ. ಹೊಂದದ ಸಾಲನ್ನು ಮಾತ್ರ ನೋಡಿದರೆ ಸಾಕು. ಸಾಲುವಾರು ಬರೆಯುವುದರ ಮುಖ್ಯ ಪ್ರಯೋಜನವೇ ಇದು.

ಮಾದರಿ ಲೆಕ್ಕ

ಎಣಿಸಿಟ್ಟ ಬೀಜಗಳು 112, ಉಳಿದವು 8 ಎಂದು ಭಾವಿಸೋಣ. ಬಿತ್ತಿದವು 104. ಕುಳಿಗಳು 98 ಮಾತ್ರ. ಎಂದರೆ ಪ್ರತಿ ಕುಳಿಗೂ ಬೀಜ ಬಿದ್ದಿದ್ದು 6 ಬೀಜಗಳು ಹೆಚ್ಚುವರಿಯಾಗಿ ಬಿದ್ದಿವೆ. 14ನೆಯ ದಿನದ ಚಿತ್ರದಲ್ಲಿ ಮೊದಲ ಸಾಲಿನಿಂದ ಕ್ರಮವಾಗಿ ಕಂಡ ಸಸಿಗಳು:

4, 6, 6, 7, 7, 6, 7, 6, 7, 6, 6, 6, 5, 4

ಒಟ್ಟು 83 ಸಸಿಗಳು. ಇವುಗಳಲ್ಲಿ 5 ಕುಳಿಗಳಲ್ಲಿ ಜೋಡಿ ಸಸಿಗಳಿವೆ. ಆದ್ದರಿಂದ ತುಂಬಿದ ಕುಳಿಗಳು 78, ಬರಿದಾದವು 20. ಪರಿಶೀಲನೆ: 78 + 20 = 98; 78 + 5 = 83.

ಮೊಳಕೆಯ ಶೇಕಡಾವಾರು = (ಸಸಿಗಳು ÷ ಬಿತ್ತಿದ ಬೀಜಗಳು) × 100 = (83 ÷ 104) × 100 = 79.8

ಹಲವು ವಿದ್ಯಾರ್ಥಿಗಳು 83ನ್ನು 98ರಿಂದ ಭಾಗಿಸಿ 84.7 ಎಂದು ಬರೆಯುತ್ತಾರೆ. ಅಂಶದಲ್ಲಿ ಜೋಡಿ ಸಸಿಗಳನ್ನು ಸೇರಿಸಿ, ಛೇದದಲ್ಲಿ ಜೋಡಿ ಬೀಜಗಳನ್ನು ಬಿಟ್ಟುದೇ ಇದಕ್ಕೆ ಕಾರಣ. ಈ ವ್ಯತ್ಯಾಸದ ಪರಿಣಾಮವನ್ನು ಹೊಲದ ಲೆಕ್ಕದಲ್ಲಿ ತೋರಿಸಬಹುದು. ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಅಂತರವಿಟ್ಟರೆ ಒಂದು ಎಕರೆಗೆ ಸುಮಾರು 11,200 ಸಸಿಗಳು ಬೇಕು. 79.8ರಂತೆ ಬಿತ್ತಬೇಕಾದ ಬೀಜಗಳು 11,200 ÷ 0.798, ಅಂದರೆ ಸುಮಾರು 14,035. ಕುಳಿಗೆ ಒಂದರಂತೆ 144 ತಟ್ಟೆಗಳು ಬೇಕಾಗುತ್ತವೆ. 84.7 ಎಂದು ನಂಬಿದವನು ಸುಮಾರು 13,223 ಬೀಜಗಳನ್ನು ಮಾತ್ರ ಬಿತ್ತುತ್ತಾನೆ; ಅವನಿಗೆ ದೊರೆಯುವುದು ಸುಮಾರು 10,550 ಸಸಿ. ನಾಟಿಯ ದಿನ ಏನಿಲ್ಲವೆಂದರೂ 650 ಸಸಿಗಳ ಕೊರತೆ ಬೀಳುತ್ತದೆ.

ಬರಿದಾದ ಕುಳಿ ಏನು ಹೇಳುತ್ತದೆ?

ಮೇಲಿನ ಸಾಲುವಾರು ಎಣಿಕೆಯನ್ನು ಮತ್ತೆ ನೋಡಿರಿ. ಮೊದಲ ಮತ್ತು ಕೊನೆಯ ಸಾಲುಗಳಲ್ಲಿ ಸಸಿಗಳು ಅತಿ ಕಡಿಮೆ. ಬೀಜವೇ ಕೆಟ್ಟಿದ್ದರೆ ಬರಿದಾದ ಕುಳಿಗಳು ತಟ್ಟೆಯ ತುಂಬ ಚದುರಿರುತ್ತಿದ್ದವು. ಅಂಚಿನಲ್ಲಿಯೇ ಹೆಚ್ಚು ಬರಿದಾಗಿದ್ದರೆ ಅಂಚು ಬೇಗ ಒಣಗಿತೆಂದು ಶಂಕಿಸಬೇಕು. ಆದರೆ ಚಿತ್ರದಿಂದ ಶಂಕೆ ಮಾತ್ರ ಸಾಧ್ಯ. ಕಾರಣ ತಿಳಿಯಲು ಕುಳಿಯನ್ನೇ ಕೆದಕಬೇಕು. ಬೀಜ ಗಟ್ಟಿಯಾಗಿ ಒಣಗಿದ್ದರೆ ನೀರು ತಾಗಿಲ್ಲ. ಮೆತ್ತಗಾಗಿ ಕೊಳೆತಿದ್ದರೆ ನೀರು ಹೆಚ್ಚಾಗಿರಬಹುದು ಅಥವಾ ಬೀಜ ನಿರ್ಜೀವವಾಗಿದ್ದಿರಬಹುದು. ಮೊಳಕೆ ಬಾಗಿ ಒಳಗೇ ಉಳಿದಿದ್ದರೆ ಬೀಜ ಆಳಕ್ಕೆ ಬಿದ್ದಿದೆ. ಬೀಜವೇ ಇಲ್ಲದಿದ್ದರೆ ಇರುವೆಗಳು ಒಯ್ದಿರಬಹುದು.

ಇನ್ನೊಂದು ಸಂದರ್ಭವೂ ಇದೆ. 10ನೆಯ ದಿನ ಸಸಿಯಿದ್ದ ಕುಳಿ 14ನೆಯ ದಿನ ಬರಿದಾಗಿದ್ದರೆ ಆ ಬೀಜ ಮೊಳೆತಿತ್ತು. ಆಮೇಲೆ ಬುಡ ಕೊಳೆತು ಬಿದ್ದಿರಬಹುದು. ಅದು ಮೊಳಕೆಯ ಲೆಕ್ಕಕ್ಕೆ ಸೇರುತ್ತದೆ, ನಾಟಿಗೆ ದೊರೆಯುವ ಸಸಿಗಳ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ಚಿತ್ರಗಳು ಬೇಕಾಗುವುದು ಇದಕ್ಕಾಗಿಯೇ.

ಅಂದಾಜಿನ ಮಿತಿ

ಒಂದು ತಟ್ಟೆಯ 79.8 ಎಂಬುದು ಇಡೀ ಚೀಲದ ಬೀಜಕ್ಕೆ ನಿಖರವಾದ ಸಂಖ್ಯೆಯಲ್ಲ. ಸುಮಾರು ನೂರು ಬೀಜಗಳ ಮಾದರಿಯಲ್ಲಿ, ಇಷ್ಟು ಮೊಳಕೆಗೆ, ಕೇವಲ ಆಕಸ್ಮಿಕದಿಂದಲೇ ಎಂಟು ಅಂಶಗಳಷ್ಟು ಹೆಚ್ಚುಕಡಿಮೆಯಾಗಬಹುದು. ಎಂದರೆ ನಿಜವಾದ ಪ್ರಮಾಣ 72ರಿಂದ 88ರ ನಡುವೆ ಎಲ್ಲಿಯಾದರೂ ಇರಬಹುದು. ನಾಲ್ಕು ತಟ್ಟೆಗಳನ್ನು ಎಣಿಸಿದರೆ ಈ ಅಂತರ ಸುಮಾರು ಅರ್ಧಕ್ಕಿಳಿಯುತ್ತದೆ. ಪ್ರಯೋಗಾಲಯಗಳು ಸಾಮಾನ್ಯವಾಗಿ 400 ಬೀಜಗಳನ್ನು, ನೂರರ ನಾಲ್ಕು ಗುಂಪುಗಳಾಗಿ ಪರೀಕ್ಷಿಸುವುದು ಈ ದೃಷ್ಟಿಯಿಂದಲೇ ಅರ್ಥವಾಗುತ್ತದೆ. ತರಗತಿಯಲ್ಲಿ ನಾಲ್ಕು ಗುಂಪುಗಳಿಗೆ ಒಂದೊಂದು ತಟ್ಟೆ ಕೊಟ್ಟು, ಕೊನೆಯಲ್ಲಿ ಸಸಿಗಳನ್ನೂ ಬೀಜಗಳನ್ನೂ ಪ್ರತ್ಯೇಕವಾಗಿ ಕೂಡಿಸಿ ಭಾಗಿಸುವಂತೆ ಹೇಳಬೇಕು.

ಭಾರತದ ಬೀಜ ಪ್ರಮಾಣೀಕರಣ ಮಾನದಂಡದಲ್ಲಿ ಮೆಣಸಿನ ಕನಿಷ್ಠ ಮೊಳಕೆ ಶೇಕಡಾ 60. ತಟ್ಟೆಯಲ್ಲಿ ಇದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಬೀಜ ಕಳಪೆಯೆಂದು ತೀರ್ಮಾನಿಸಲಾಗದು. ಪ್ರಯೋಗಾಲಯದಲ್ಲಿ ಉಷ್ಣತೆ ಮತ್ತು ತೇವ ನಿಯಂತ್ರಣದಲ್ಲಿರುತ್ತವೆ; ತಟ್ಟೆಯಲ್ಲಿ ಮಣ್ಣಿನ ಮೇಲೆ ಬಂದುದನ್ನು ಮಾತ್ರ ನಾವು ಎಣಿಸುತ್ತೇವೆ. ಸಂಶಯ ಬಂದಾಗ ಬೀಜದ ಚೀಲ, ಅದರ ಚೀಟಿ, ಉಳಿದ ಬೀಜ ಮತ್ತು ದಿನಾಂಕವಿರುವ ಚಿತ್ರಗಳನ್ನು ಇಟ್ಟುಕೊಂಡು ಕೃಷಿ ಅಧಿಕಾರಿಗಳ ಮೂಲಕ ಪರೀಕ್ಷೆ ಮಾಡಿಸುವಂತೆ ಪಾಲಕರಿಗೆ ತಿಳಿಸಬಹುದು.

ಅಭ್ಯಾಸ

1. 98 ಕುಳಿಗಳ ತಟ್ಟೆಗೆ 100 ಬೀಜಗಳನ್ನು ಬಿತ್ತಲಾಗಿದೆ. ತುಂಬಿದ ಕುಳಿಗಳು 70. ಅವುಗಳಲ್ಲಿ 2 ಕುಳಿಗಳಲ್ಲಿ ಜೋಡಿ ಸಸಿಗಳಿವೆ. ಮೊಳಕೆ ಶೇಕಡಾ ಎಷ್ಟು?
2. ಮಾದರಿ ಲೆಕ್ಕದ ತಟ್ಟೆಯಲ್ಲಿ, 10ನೆಯ ದಿನದ ಚಿತ್ರದಲ್ಲಿದ್ದ 2 ಸಸಿಗಳು 14ನೆಯ ದಿನ ಬಿದ್ದುಹೋಗಿದ್ದವು ಎಂದಿಟ್ಟುಕೊಳ್ಳಿರಿ. ಮೊಳಕೆಯ ಶೇಕಡಾವಾರು ಎಷ್ಟು? ನಾಟಿಗೆ ದೊರೆಯುವ ಸಸಿಗಳೆಷ್ಟು?
3. ಬರಿದಾದ 20 ಕುಳಿಗಳೂ ತಟ್ಟೆಯ ಒಂದೇ ಮೂಲೆಯಲ್ಲಿದ್ದರೆ ನೀವು ಮೊದಲು ಏನನ್ನು ಪರೀಕ್ಷಿಸುವಿರಿ? ಏಕೆ?

ಉತ್ತರಗಳು: 1) ಸಸಿಗಳು 72, ಶೇಕಡಾ 72. 2) 85 ÷ 104, ಶೇಕಡಾ 81.7, ನಾಟಿಗೆ 83. 3) ಆ ಮೂಲೆಯ ಕುಳಿಗಳನ್ನು ಕೆದಕಿ ತೇವವನ್ನೂ ಬೀಜದ ಸ್ಥಿತಿಯನ್ನೂ ನೋಡಬೇಕು. ಒಂದೇ ಕಡೆ ಕೂಡಿದ ಕೊರತೆಗೆ ಬೀಜಕ್ಕಿಂತ ನೀರು, ಆಳ ಅಥವಾ ಇರುವೆ ಕಾರಣವಾಗಿರುವ ಸಂಭವ ಹೆಚ್ಚು.