ವ್ಯವಹಾರ ಪತ್ರದಲ್ಲಿ ಒಂದು ಅಲ್ಪವಿರಾಮ

ಘಟಪ್ರಭಾದ ವರ್ತಕರೊಬ್ಬರು ಹೊರರಾಜ್ಯಕ್ಕೆ 100 ಚೀಲ ಗೋವಿನಜೋಳ ಕಳುಹಿಸಿದ್ದಾರೆಂದು ಭಾವಿಸೋಣ. ಖರೀದಿದಾರರು ಇಂಗ್ಲಿಷಿನಲ್ಲಿ ‘ವಿ ರಿಟರ್ನ್ ದ ಬ್ಯಾಗ್ಸ್ ದಟ್ ಆರ್ ವೆಟ್’ ಎಂದು ಬರೆದರೆ, ನೆನೆದ ಚೀಲಗಳಷ್ಟೇ ಮರಳುತ್ತವೆ. ‘ವಿ ರಿಟರ್ನ್ ದ ಬ್ಯಾಗ್ಸ್, ವಿಚ್ ಆರ್ ವೆಟ್’ ಎಂದರೆ ನೂರೂ ನೆನೆದಿವೆ, ನೂರೂ ಮರಳುತ್ತವೆ. ಕನ್ನಡದ ‘ನೆನೆದ ಚೀಲಗಳು’ ಎರಡೂ ಅರ್ಥಕ್ಕೆ ಸಲ್ಲುವುದರಿಂದ ಈ ಭೇದ ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ.

ವ್ಯಕ್ತಿಗಳಿಗೆ ‘ಹೂ’, ವಸ್ತುಗಳಿಗೆ ‘ವಿಚ್’ ಅಥವಾ ‘ದಟ್’ ಬಳಸಬೇಕು. ಅಲ್ಪವಿರಾಮದ ನಂತರ ‘ದಟ್’ ಸಲ್ಲದು. ಅಲ್ಪವಿರಾಮವಿಲ್ಲದ ‘ವಿಚ್’ ಸಹ ‘ದಟ್’ನ ಅರ್ಥವನ್ನೇ ಕೊಡುವುದರಿಂದ, ಇಲ್ಲಿ ನಿರ್ಣಾಯಕವಾದುದು ಅಲ್ಪವಿರಾಮವೇ. ಉಪವಾಕ್ಯವನ್ನು ಬಿಟ್ಟು ಓದಿದಾಗ ಯಾವ ಚೀಲಗಳೆಂಬುದು ತಿಳಿಯದಿದ್ದರೆ ಅಲ್ಪವಿರಾಮ ಹಾಕಬಾರದು. ಚೀಲಗಳ ಸಂಖ್ಯೆಯನ್ನೂ ಬರೆದರೆ ವಿವಾದಕ್ಕೆ ಆಸ್ಪದವಿರದು.