ಬಾಕಿ ಬಿಲ್ಲಿಗೆ ನೆನಪೋಲೆ: ಸೌಜನ್ಯದಿಂದ ಖಚಿತ ಮಾತಿನವರೆಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ವ್ಯವಹಾರವು ಬಹುಮಟ್ಟಿಗೆ ಉದ್ರಿಯ ಮೇಲೆಯೇ ನಡೆಯುತ್ತದೆ. ಬಿಲ್ಲು ಕೊಟ್ಟವರೂ ಬಿಲ್ಲು ಪಡೆದವರೂ ಪರಸ್ಪರ ಪರಿಚಿತರು. ಕೆಲವೊಮ್ಮೆ ಬೀಗರೂ ಆಗಿರುತ್ತಾರೆ. ಆದುದರಿಂದ ವಾಯಿದೆ ಮೀರಿದ ಹಣವನ್ನು ಕೇಳಲು ವರ್ತಕರು ಸಂಕೋಚಪಡುತ್ತಾರೆ. ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ದಿನ ತಾಳ್ಮೆ ಕಳೆದುಕೊಂಡು ಫೋನಿನಲ್ಲಿ ಕಟುವಾಗಿ ಮಾತನಾಡುತ್ತಾರೆ. ಇದರಿಂದ ಸಂಬಂಧವೂ ಕೆಡುತ್ತದೆ; ಕೈಯಲ್ಲಿ ಕಾಗದವೂ ಉಳಿಯುವುದಿಲ್ಲ.

ಇದಕ್ಕೆ ಪರಿಹಾರವೆಂದರೆ ನಿಶ್ಚಿತ ಅಂತರದಲ್ಲಿ ಬರೆಯುವ ನಾಲ್ಕು ಪತ್ರಗಳು. ಮೊದಲನೆಯದು ಸ್ನೇಹದ ಪತ್ರ, ಕೊನೆಯದು ಖಚಿತ ಸೂಚನೆ. ಆದರೆ ಪತ್ರದಿಂದ ಪತ್ರಕ್ಕೆ ಹೆಚ್ಚಬೇಕಾದುದು ಮಾತಿನ ಬಿರುಸಲ್ಲ. ದಿನಾಂಕ, ಮೊತ್ತ ಮತ್ತು ಪರಿಣಾಮಗಳ ಸ್ಪಷ್ಟತೆ. ಇದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ನೋಡೋಣ.

ಉದಾಹರಣೆ

ಸಿಂದಗಿಯ ಒಂದು ವರ್ಕ್‌ಶಾಪ್ ಮುದ್ದೇಬಿಹಾಳದ ಬೇಳೆ ಮಿಲ್ಲೊಂದರ ಯಂತ್ರಗಳನ್ನು ದುರಸ್ತಿ ಮಾಡಿಕೊಟ್ಟಿದೆ ಎನ್ನೋಣ. ಕೆಲಸ ಮುಗಿದ ದಿನವೇ, ಅಂದರೆ 10 ಜೂನ್ 2025ರಂದು, ಬಿಲ್ಲು ನೀಡಲಾಗಿದೆ. ದುರಸ್ತಿಯ ಮೊತ್ತ 1,50,000 ರೂಪಾಯಿ, ಶೇ. 18ರ ಜಿಎಸ್‌ಟಿ 27,000 ರೂಪಾಯಿ, ಒಟ್ಟು 1,77,000 ರೂಪಾಯಿ. ಇಬ್ಬರೂ ಸಹಿ ಮಾಡಿದ ಕೆಲಸದ ಆದೇಶದಲ್ಲಿ 30 ದಿನಗಳ ವಾಯಿದೆ ಇದೆ. ಹೀಗಾಗಿ ಹಣ 10 ಜುಲೈಗೆ ಬರಬೇಕಿತ್ತು, ಬರಲಿಲ್ಲ. ಆದರೆ ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಈ ವರ್ಕ್‌ಶಾಪ್ 20 ಜುಲೈಗೆ ಆ 27,000 ರೂಪಾಯಿ ತೆರಿಗೆಯನ್ನು ಕಟ್ಟಲೇಬೇಕು. ಗ್ರಾಹಕನಿಂದ ಒಂದು ಪೈಸೆ ಬಾರದಿದ್ದರೂ ಆತನ ಪರವಾಗಿ ತೆರಿಗೆ ಹೋಗುತ್ತದೆ.

ಮೊದಲ ಪತ್ರ: 14 ಜುಲೈ

ವಾಯಿದೆ ಮುಗಿದ ಮೂರು-ನಾಲ್ಕು ದಿನಗಳಲ್ಲಿ ಮೊದಲ ಪತ್ರ ಹೋಗಬೇಕು. ಈ ಹಂತದಲ್ಲಿ ಗ್ರಾಹಕರು ಮರೆತಿದ್ದಾರೆ ಎಂದೇ ಭಾವಿಸತಕ್ಕದ್ದು.

“ಮಾನ್ಯರೇ, ಸಪ್ರೇಮ ನಮಸ್ಕಾರಗಳು. ತಮ್ಮ ಮಿಲ್ಲಿನ ಯಂತ್ರಗಳು ಸರಿಯಾಗಿ ನಡೆಯುತ್ತಿವೆಯೆಂದು ಭಾವಿಸುತ್ತೇವೆ. ದಿನಾಂಕ 10-6-2025ರ ನಮ್ಮ ಬಿಲ್ಲಿನ ಮೊತ್ತ ರೂ. 1,77,000ದ ವಾಯಿದೆ 10-7-2025ಕ್ಕೆ ಮುಗಿದಿದೆ. ಕೆಲಸದ ಒತ್ತಡದಲ್ಲಿ ಇದು ತಮ್ಮ ಗಮನಕ್ಕೆ ಬಾರದಿರಬಹುದು. ಬಿಲ್ಲಿನ ಪ್ರತಿಯನ್ನು ಲಗತ್ತಿಸಿದ್ದೇವೆ. ನಮ್ಮ ಕೆಲಸದಲ್ಲಿ ಏನಾದರೂ ಕೊರತೆ ಇದ್ದರೆ ದಯವಿಟ್ಟು ಬರೆದು ತಿಳಿಸಿರಿ. ಇಲ್ಲವಾದಲ್ಲಿ ಈ ವಾರದೊಳಗೆ ಹಣ ಸಂದಾಯ ಮಾಡಬೇಕಾಗಿ ವಿನಂತಿ.”

ಕೊರತೆಯ ಕುರಿತ ವಾಕ್ಯವು ಕೇವಲ ಉಪಚಾರಕ್ಕಲ್ಲ. ಹಣ ತಡವಾಗಲು ಎಷ್ಟೋ ಸಲ ಬಾಯಿಬಿಟ್ಟು ಹೇಳದ ಅಸಮಾಧಾನವೇ ಕಾರಣ. ಅದು ಈಗಲೇ ಹೊರಬಂದರೆ ಸರಿಪಡಿಸಬಹುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸರಕು ಅಥವಾ ಸೇವೆ ಪಡೆದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ, ಪಡೆದ ದಿನವೇ ಅದನ್ನು ಒಪ್ಪಿಕೊಂಡಂತೆ. ಪತ್ರಕ್ಕೆ ಉತ್ತರವೇ ಬಾರದಿದ್ದರೆ, ಮುಂದೆ ‘ಕೆಲಸ ಸರಿಯಿರಲಿಲ್ಲ’ ಎಂಬ ವಾದಕ್ಕೆ ಬಲ ಕಡಿಮೆಯಾಗುತ್ತದೆ.

ಎರಡನೆಯ ಪತ್ರ: 4 ಆಗಸ್ಟ್

ಮಿಲ್ಲಿನವರು 30 ಜುಲೈಗೆ 50,000 ರೂಪಾಯಿಯನ್ನು ಬ್ಯಾಂಕಿನ ಮೂಲಕ ಕಳುಹಿಸಿ, ‘ಉಳಿದದ್ದು ತೊಗರಿ ಬಂದ ಮೇಲೆ’ ಎಂದು ಫೋನಿನಲ್ಲಿ ಹೇಳಿದರು ಎನ್ನೋಣ. ನಮ್ಮ ಕಡೆ ತೊಗರಿ ಕೈಗೆ ಬರುವುದು ಡಿಸೆಂಬರ್-ಜನವರಿಯಲ್ಲಿ. ಎಂದರೆ ಇನ್ನೂ ಐದಾರು ತಿಂಗಳು. ಈಗ ಬರೆಯುವ ಪತ್ರದ ಧ್ವನಿ ಮೃದುವಾಗಿಯೇ ಇರಲಿ, ಆದರೆ ಅದು ಒಂದು ಸಹಿಯನ್ನು ತರಬೇಕು.

“ತಾವು ಕಳುಹಿಸಿದ ರೂ. 50,000 ತಲುಪಿದೆ, ಧನ್ಯವಾದಗಳು. ಉಳಿದ ಬಾಕಿ ರೂ. 1,27,000. ತಮ್ಮ ಖಾತೆಯ ಉತಾರವನ್ನು ಲಗತ್ತಿಸಿದ್ದೇವೆ. ಅದು ಸರಿಯಿದೆಯೆಂದು ಕೆಳಗೆ ಸಹಿ, ಮೊಹರು ಮತ್ತು ದಿನಾಂಕ ಹಾಕಿ ಒಂದು ಪ್ರತಿಯನ್ನು ಹಿಂದಿರುಗಿಸಿರಿ. ಬಾಕಿಯನ್ನು ಯಾವ ದಿನಾಂಕಕ್ಕೆ ಸಂದಾಯ ಮಾಡುವಿರೆಂಬುದನ್ನೂ ಅದರಲ್ಲಿಯೇ ನಮೂದಿಸಬೇಕಾಗಿ ಕೋರುತ್ತೇವೆ.”

ಇದನ್ನು ಬಾಕಿ ದೃಢೀಕರಣ ಪತ್ರ ಎನ್ನುತ್ತೇವೆ. ಇದರ ಮಹತ್ವವನ್ನು ಅನೇಕರು ಅರಿತಿಲ್ಲ. 1963ರ ಕಾಲಮಿತಿ ಕಾಯ್ದೆಯಂತೆ ಇಂತಹ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ ಇರುತ್ತದೆ. ನಾವು ನೂರು ನೆನಪೋಲೆ ಬರೆದರೂ ಆ ಅವಧಿ ಒಂದು ದಿನವೂ ಬೆಳೆಯುವುದಿಲ್ಲ. ಅವಧಿ ಮುಗಿಯುವ ಮುನ್ನ ಸಾಲಗಾರನು ಸಹಿ ಮಾಡಿ ಲಿಖಿತವಾಗಿ ಬಾಕಿಯನ್ನು ಒಪ್ಪಿಕೊಂಡರೆ ಮಾತ್ರ, ಆ ದಿನದಿಂದ ಹೊಸದಾಗಿ ಮೂರು ವರ್ಷ ಎಣಿಕೆಯಾಗುತ್ತದೆ. ಭಾಗಶಃ ಹಣ ಕೊಟ್ಟಾಗಲೂ ಅವಧಿ ಹೊಸದಾಗುವುದುಂಟು. ಆದರೆ ಅದಕ್ಕೂ ಕೊಟ್ಟವರ ಕೈಬರಹ ಅಥವಾ ಸಹಿಯುಳ್ಳ ಬರಹ ಬೇಕು. ಬ್ಯಾಂಕ್ ಪಾಸ್‌ಬುಕ್ಕಿನ ನಮೂದನ್ನಷ್ಟೇ ನಂಬಿ ಕೂಡುವುದು ಸುರಕ್ಷಿತವಲ್ಲ. ಸಂಬಂಧ ಚೆನ್ನಾಗಿರುವಾಗ ಈ ಸಹಿ ಸುಲಭವಾಗಿ ಸಿಗುತ್ತದೆ; ಮನಸ್ತಾಪವಾದ ಮೇಲೆ ಸಿಗುವುದಿಲ್ಲ. ಆದುದರಿಂದಲೇ ಇದನ್ನು ಸ್ನೇಹದ ಹಂತದಲ್ಲಿ ಕೇಳಬೇಕು.

ಮೂರನೆಯ ಪತ್ರ: 25 ಆಗಸ್ಟ್

ಉತ್ತರ ಬರಲಿಲ್ಲ, ಅಥವಾ ಬರೆದ ದಿನಾಂಕಕ್ಕೆ ಹಣ ಬರಲಿಲ್ಲ. ಈಗ ಪತ್ರದಲ್ಲಿ ಕುಶಲ ವಿಚಾರಣೆ ಬೇಡ. ಇದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು.

“ದಿನಾಂಕ 14-7-2025 ಮತ್ತು 4-8-2025ರ ನಮ್ಮ ಪತ್ರಗಳನ್ನು ಅವಲೋಕಿಸಿರಿ. ರೂ. 1,27,000 ಇನ್ನೂ ಬಾಕಿಯಿದೆ. ನಮ್ಮದು ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಉದ್ಯಮ. 2006ರ ಕಾಯ್ದೆಯ 15 ಮತ್ತು 16ನೆಯ ಕಲಮುಗಳಂತೆ ವಾಯಿದೆ ಮೀರಿದ ಹಣಕ್ಕೆ ಬಡ್ಡಿ ಸಲ್ಲತಕ್ಕದ್ದು. 10-9-2025ರೊಳಗೆ ಅಸಲು ಸಂದಾಯವಾದಲ್ಲಿ ಬಡ್ಡಿಯ ವಿಷಯವನ್ನು ನಾವು ಎತ್ತುವುದಿಲ್ಲ.”

ಈ ಬಡ್ಡಿಯ ಲೆಕ್ಕ ಹೀಗಿದೆ. ಲಿಖಿತ ಒಪ್ಪಂದವಿದ್ದರೂ ವಾಯಿದೆಯು ಸರಕು-ಸೇವೆ ಒಪ್ಪಿಕೊಂಡ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ; ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳು ಮಾತ್ರ. ಅನಂತರ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಪ್ರತಿ ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿ. 2025ರ ಜೂನ್ 6ರಿಂದ ಬ್ಯಾಂಕ್ ದರ ಶೇ. 5.75 ಇತ್ತು, ಮೂರು ಪಟ್ಟೆಂದರೆ ಶೇ. 17.25. ನಮ್ಮ ಉದಾಹರಣೆಯ 1,27,000 ರೂಪಾಯಿಗೆ ಮೊದಲ ತಿಂಗಳಲ್ಲೇ ಸುಮಾರು 1,826 ರೂಪಾಯಿ ಬಡ್ಡಿಯಾಗುತ್ತದೆ. ಹೀಗೆ ಕೊಟ್ಟ ಬಡ್ಡಿಯನ್ನು ಮಿಲ್ಲಿನವರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತೆಯೂ ಇಲ್ಲ.

ಇಲ್ಲೊಂದು ಮಿತಿಯಿದೆ. ಉತ್ಪಾದಕರು ಮತ್ತು ಸೇವಾ ಉದ್ಯಮಗಳಿಗೆ ಮಾತ್ರ ಈ ರಕ್ಷಣೆ. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರ ಜುಲೈನಿಂದ ಉದ್ಯಮ್ ನೋಂದಣಿ ಸಿಗುತ್ತಿದ್ದರೂ, ಅದರ ಪ್ರಯೋಜನ ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಕಿರಾಣಿ ಸಗಟುದಾರರು ಈ ಕಲಮುಗಳನ್ನು ಪತ್ರದಲ್ಲಿ ಬರೆದರೆ, ಎದುರು ಪಕ್ಷದ ಲೆಕ್ಕಿಗರು ಅದನ್ನು ಅಲ್ಲಿಗೇ ತಳ್ಳಿಹಾಕುತ್ತಾರೆ. ಅಂಥವರು ಬಡ್ಡಿಯ ಷರತ್ತನ್ನು ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಅದಿಲ್ಲದಿದ್ದರೆ, ‘ಈ ಪತ್ರದ ದಿನಾಂಕದಿಂದ ಬಡ್ಡಿ ಕೇಳಲಾಗುವುದು’ ಎಂದು ಸ್ಪಷ್ಟವಾಗಿ ತಿಳಿಸಬೇಕು. ಇಂತಹ ಲಿಖಿತ ಸೂಚನೆಯಿದ್ದರೆ 1978ರ ಬಡ್ಡಿ ಕಾಯ್ದೆಯಡಿ ಆ ದಿನದಿಂದ ಬಡ್ಡಿ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ನೋಂದಣಿಗೆ ಅರ್ಹರಾದ ಉದ್ಯಮಿಗಳು ಸರಕು ಕಳುಹಿಸುವ ಮೊದಲೇ ಅದನ್ನು ಪಡೆದಿರುವುದು ಕ್ಷೇಮ. ಅನಂತರ ಪಡೆದ ನೋಂದಣಿಯ ಬಗ್ಗೆ ನ್ಯಾಯಾಲಯಗಳಲ್ಲಿ ವಿವಾದಗಳಾಗಿವೆ.

ನಾಲ್ಕನೆಯ ಪತ್ರ: 15 ಸೆಪ್ಟೆಂಬರ್

ಇದು ಕೊನೆಯ ಸೂಚನೆ. ಚಿಕ್ಕದಾಗಿರಬೇಕು, ಒಂದೇ ಬೇಡಿಕೆ ಹಾಗೂ ಒಂದೇ ದಿನಾಂಕ ಇರಬೇಕು.

“30-9-2025ರೊಳಗೆ ರೂ. 1,27,000 ಸಂದಾಯವಾಗದಿದ್ದಲ್ಲಿ, ಅಸಲು ಮತ್ತು ಬಡ್ಡಿಯ ವಸೂಲಿಗಾಗಿ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಅರ್ಜಿ ಸಲ್ಲಿಸುತ್ತೇವೆ. ಕಂತುಗಳಲ್ಲಿ ಕೊಡುವ ಇಚ್ಛೆಯಿದ್ದರೆ ಅದೇ ದಿನಾಂಕದೊಳಗೆ ಬರೆದು ತಿಳಿಸಿರಿ.”

ಬರೆದ ಕ್ರಮವನ್ನು ಹೇಳಿದ ದಿನ ಕೈಗೊಳ್ಳಲೇಬೇಕು. ‘ಕೊನೆಯ ಸೂಚನೆ’ ಎಂದು ಮೂರು ಸಲ ಬರೆದವರ ಪತ್ರವನ್ನು ನಾಲ್ಕನೆಯ ಸಲ ಯಾರೂ ಒಡೆದು ನೋಡುವುದಿಲ್ಲ. ‘ಮೋಸಗಾರ’, ‘ಊರಲ್ಲಿ ಮರ್ಯಾದೆ ತೆಗೆಯುತ್ತೇವೆ’ ಎಂಬಂತಹ ಮಾತುಗಳಂತೂ ಕೂಡದು. ಅವು ನಮ್ಮ ಪ್ರಕರಣವನ್ನೇ ದುರ್ಬಲಗೊಳಿಸುತ್ತವೆ.

ತೊಗರಿಯ ವಾಯಿದೆಗೆ ಉತ್ತರ

‘ತೊಗರಿ ಬಂದ ಮೇಲೆ’ ಎಂಬ ಮಾತನ್ನು ಮೂದಲಿಸಬೇಕಾಗಿಲ್ಲ. ಮಿಲ್ಲಿನವರ ಕೈಗೆ ಹಣ ಬರುವ ಕಾಲ ನಿಜವಾಗಿಯೂ ಅದೇ ಇರಬಹುದು. ಆದರೆ ಅಷ್ಟು ತಡವಾದರೆ ಅವರಿಗೇ ಆಗುವ ನಷ್ಟವನ್ನು ಅವರ ಲೆಕ್ಕಿಗರ ಮುಂದಿಡಬಹುದು. ಜಿಎಸ್‌ಟಿ ಕಾಯ್ದೆಯಂತೆ ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಹಣ ಕೊಡದಿದ್ದರೆ, ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಾಕಿಯ ಪ್ರಮಾಣದಲ್ಲಿ ಬಡ್ಡಿಸಹಿತ ಹಿಂದಿರುಗಿಸಬೇಕು. ನಮ್ಮ ಉದಾಹರಣೆಯಲ್ಲಿ ಆ ಗಡುವು 7 ಡಿಸೆಂಬರ್ 2025. ಹಿಂದಿರುಗಿಸಬೇಕಾದ ಜಮೆ ಸುಮಾರು 19,373 ರೂಪಾಯಿ. ಬಾಕಿ ತೀರಿಸಿದ ಮೇಲೆ ಜಮೆ ಮತ್ತೆ ಸಿಗುತ್ತದೆ, ಬಡ್ಡಿ ಮಾತ್ರ ಸಿಗುವುದಿಲ್ಲ. ಮಿಲ್ಲು ಜಮೆಯನ್ನೇ ಪಡೆದಿರದಿದ್ದರೆ ಈ ಮಾತು ಅನ್ವಯಿಸದು. ಆದ್ದರಿಂದ ವಿಚಾರಿಸಿಯೇ ಹೇಳಬೇಕು. ಬಾಕಿ ಮಾರ್ಚ್ 31ನ್ನೂ ದಾಟಿದರೆ, 1961ರ ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿಸಿದ 43ಬಿ(ಎಚ್) ಕಲಮಿನಂತೆ ಆ ಖರ್ಚು 2025-26ರ ಲೆಕ್ಕದಲ್ಲಿ ಸಿಗದೆ, ಹಣ ಕೊಟ್ಟ ವರ್ಷಕ್ಕೆ ಮುಂದೆ ಹೋಗುತ್ತದೆ.

ಈ ಗಡುವುಗಳು ಗೊತ್ತಿದ್ದರೆ ಕಂತಿನ ಮಾತುಕತೆಯೂ ಸುಲಭ. ಸೆಪ್ಟೆಂಬರ್, ಅಕ್ಟೋಬರ್ ಕೊನೆಗಳಲ್ಲಿ 42,000 ರೂಪಾಯಿಯಂತೆ, ನವೆಂಬರ್ ಕೊನೆಗೆ 43,000 ರೂಪಾಯಿ ಎಂದು ಮೂರು ಕಂತು ಮಾಡಿದರೆ, 7 ಡಿಸೆಂಬರ್‌ಗೆ ಮುನ್ನ ಬಾಕಿ ತೀರುತ್ತದೆ. ಒಪ್ಪಿಗೆಯನ್ನು ಮಿಲ್ಲಿನ ಮಾಲೀಕರ ಸಹಿಯೊಂದಿಗೆ ಬರೆಸಿಕೊಳ್ಳಬೇಕು. ಒಂದು ಕಂತು ತಪ್ಪಿದರೂ ಉಳಿದ ಪೂರ್ಣ ಮೊತ್ತ ಕೂಡಲೇ ಸಲ್ಲತಕ್ಕದ್ದು ಎಂಬ ಸಾಲು ಅದರಲ್ಲಿರಬೇಕು. ಆ ಕಾಗದವೇ ಬಾಕಿ ದೃಢೀಕರಣವೂ ಆಗುವುದರಿಂದ, ಎರಡನೆಯ ಪತ್ರಕ್ಕೆ ಸಿಗದ ಸಹಿ ಇಲ್ಲಿ ಸಿಕ್ಕಂತಾಗುತ್ತದೆ.