ಅಡುಗೆ ಕಟ್ಟೆ ಎಷ್ಟೆತ್ತರ?

ನೋಡಪ್ಪ, ಮೇಸ್ತ್ರಿ ಅಂತ ನಿನ್ನನ್ನೂ ಕರೆಯೋಕೆ ಶುರುಮಾಡಿದ್ದಾರೆ, ಅದಕ್ಕೇ ಹೇಳ್ತೀನಿ. ಮಡಿವಾಳದ ಆ ಮನೆಯಲ್ಲಿ ನೀನು ಅಮ್ಮನವರನ್ನ "ಕಟ್ಟೆ ಎಷ್ಟು ಇಂಚಿಗೆ ಹಾಕಲಿ?" ಅಂದೆ. "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ" ಅಂದ್ರು. ನೀನು ಮತ್ತೆ ಅದನ್ನೇ ಕೇಳಿದೆ. ಅವರು ನಲವತ್ತು ವರ್ಷ ಅಡುಗೆ ಮಾಡಿರಬಹುದು, ಆದರೆ ಕಟ್ಟೆಯನ್ನ ಇಂಚಲ್ಲಿ ಯಾವತ್ತೂ ಅಳೆದಿಲ್ಲ. ಇನ್ನೆಷ್ಟು ಸಲ ಕೇಳಿದರೂ ಅದೇ ಉತ್ತರ ಬರುತ್ತೆ. ಹಾಗಂತ ಮಾತಾಡದೆ ಹಾಕಿಬಿಟ್ಟರೂ ತಪ್ಪು.

ಇಂಥ ಕಡೆ 33 ಇಂಚು ಹಿಡಿ. ಐದಡಿ ಎತ್ತರದ ಹೆಂಗಸಿನ ಮೊಣಕೈ ನೆಲದಿಂದ ಸುಮಾರು 37–38 ಇಂಚಿಗೆ ಬರುತ್ತೆ. ಅದರಿಂದ ನಾಲ್ಕೈದು ಇಂಚು ಕೆಳಗಿದ್ದರೆ ತರಕಾರಿ ಹೆಚ್ಚೋಕೆ ಬೆನ್ನು ಬಗ್ಗಲ್ಲ, ಭುಜ ಏರಲ್ಲ. ಅಡುಗೆ ಮಾಡೋರು ಮಗನೋ, ಎತ್ತರದ ಸೊಸೆಯೋ ಆದರೆ ಲೆಕ್ಕ 35, 36ಕ್ಕೆ ಹೋಗುತ್ತೆ. ಅದಕ್ಕೇ ಇಂಚು ಕೇಳಬೇಡ, "ಅಡುಗೆ ಯಾರು ಮಾಡ್ತೀರಮ್ಮ?" ಅಂತ ಕೇಳು. ಅದಕ್ಕೆ ಯಾರಾದರೂ ಉತ್ತರ ಕೊಡ್ತಾರೆ.

ಎಲ್ಲರೂ ಎಡವೋದು ನೆಲದಲ್ಲಿ. ಈಗ ಅಲ್ಲಿರೋದು ಒರಟು ಕಾಂಕ್ರೀಟು. ಅದರ ಮೇಲೆ ಗಾರೆ, ಟೈಲ್ಸ್ ಸೇರಿ ಎರಡು ಇಂಚು ಏರುತ್ತೆ. ಈಗಿನ ನೆಲದಿಂದ 33 ಅಳೆದರೆ ಕೊನೆಗೆ ಕಟ್ಟೆ 31ಕ್ಕೆ ನಿಲ್ಲುತ್ತೆ, ಅವರಿಗೆ ಸೊಂಟ ನೋವು. ಅದಕ್ಕೆ 35ಕ್ಕೆ ಗುರುತು ಹಾಕು, ಅದು ಗ್ರಾನೈಟಿನ ಮೇಲ್ಮೈ ಅಂತ ನೆನಪಿಟ್ಟುಕೋ. ಲೆವೆಲ್ ಪೈಪಲ್ಲಿ ನೀರು ಹಿಡಿದು ಅದೇ ಮಟ್ಟಕ್ಕೆ ಗೋಡೆಯುದ್ದಕ್ಕೂ ಗೆರೆ ಎಳಿ.

ಆಮೇಲೆ ಅವರಿಗೆ ಮೆಸೇಜ್ ಕಳಿಸು, ಹೀಗೆ: "ಅಮ್ಮಾ, ಕಟ್ಟೆ ಟೈಲ್ಸಿನಿಂದ 33 ಇಂಚಿಗೆ ಹಾಕ್ತಿದ್ದೀನಿ. ಅಡುಗೆ ನೀವೇ ಮಾಡ್ತೀರಿ, ಒಲೆ ಕಟ್ಟೆ ಮೇಲಿಡೋದು ಅಂದ್ಕೊಂಡಿದ್ದೀನಿ. ಗೋಡೆ ಮೇಲೆ ಗೆರೆ ಇದೆ, ಬಂದು ನಿಂತು ನೋಡಿ. ನಾಳೆ ಮಧ್ಯಾಹ್ನ ಕಾಂಕ್ರೀಟು. ಅದಕ್ಕೆ ಮೊದಲು ಹೇಳಿದ್ರೆ ಬದಲಾಯಿಸ್ತೀನಿ, ಖರ್ಚಿಲ್ಲ."

ಒಲೆ ವಿಷಯ ಸುಮ್ಮನೆ ಸೇರಿಸಿಲ್ಲ. ಮೇಲಿಡೋ ಒಲೆ ನಾಲ್ಕೈದು ಇಂಚು ಏರಿಸುತ್ತೆ, ಅದರ ಮೇಲೆ ಕುಕ್ಕರ್ ಕೂತರೆ ಗಿಡ್ಡಗಿರೋರು ಒಳಗೆ ಇಣುಕೋಕೆ ತುದಿಗಾಲಲ್ಲಿ ನಿಲ್ಲಬೇಕು. ಗ್ರಾನೈಟು ಕೊರೆದು ಕೂರಿಸೋ ಒಲೆಯಾದರೆ ಅಷ್ಟು ಏರಲ್ಲ, ಆಗ ಕಟ್ಟೆ 34ಕ್ಕೆ ಹೋಗಬಹುದು. ನೀನು ಅಂದುಕೊಂಡಿದ್ದನ್ನ ಬರೆದರೆ "ಅಯ್ಯೋ, ಕೂರಿಸೋ ಒಲೆ ಕಣಪ್ಪ ತಗೊಂಡಿರೋದು" ಅಂತ ಅವರೇ ಫೋನ್ ಮಾಡ್ತಾರೆ. ಇಂಚು ಕೇಳಿದಾಗ ಬಾಯಿಗೆ ಬರದಿದ್ದದ್ದು ತಪ್ಪು ಕಂಡಾಗ ತಾನಾಗಿ ಬರುತ್ತೆ.

ಫೋನ್ ಬರದಿದ್ದರೆ ಕೆಲಸ ನಿಲ್ಲಿಸಬೇಡ, ಕೂಲಿಯವರನ್ನ ಕೂರಿಸಿದರೆ ನಷ್ಟ ನಿನ್ನದೇ. ಆದರೆ ಗ್ರಾನೈಟಿನ ಬಣ್ಣ, ಅದರ ರೇಟು, ಇವೆರಡಕ್ಕೆ "ನಿಮಗೆ ಬಿಟ್ಟಿದ್ದು" ಅಂದರೂ ಒಪ್ಪಬೇಡ. ಅವರ ದುಡ್ಡು, ದಿನಾ ನೋಡೋ ಕಣ್ಣೂ ಅವರದ್ದೇ. ಅಂಗಡಿಗೆ ಕರ್ಕೊಂಡು ಹೋಗಿ ಹಲಗೆ ತೋರಿಸಿ, ಆರಿಸಿದ ಮೇಲೆ ಅಡ್ವಾನ್ಸ್ ಕೊಡಿಸು.